ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ: ಸಾವಿರ ಲೀಟರ್ ಟ್ಯಾಂಕ್ ಲೆಕ್ಕದಲ್ಲಿ ಕರೆಂಟ್ ಬಿಲ್ ಓದುವುದು

ಏಪ್ರಿಲ್ ತಿಂಗಳ ಬಿಲ್ ಕೈಗೆ ಬಂತು ಅಂದರೆ ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ಈ ಸಲ ಕೇಳಿದವರು ರಾಯಚೂರಿನ ನಮ್ಮ ಓಣಿಯವರೇ. "ಅಲ್ರೀ, ಇಸ್ತ್ರಿ ಪೆಟ್ಟಿಗೆ ಸಾವಿರ ವ್ಯಾಟ್ ಐತಿ, ಕೂಲರ್ ಬರೇ ನೂರಾ ಎಂಬತ್ತು. ಇಸ್ತ್ರಿ ಮಾಡೋದು ಬಿಟ್ಟು ಒಂದು ತಿಂಗಳಾತು, ಬಿಲ್ ಯಾಕ್ರೀ ಇಳಿವಲ್ದು?"

ಅವರ ಪ್ರಶ್ನೆಯಲ್ಲೇ ಗೊಂದಲ ಎಲ್ಲಿದೆ ಅನ್ನೋದೂ ಇದೆ. ಸಾವಿರ, ನೂರಾ ಎಂಬತ್ತು ಎರಡೂ ಕರೆಂಟ್ ಎಷ್ಟು ಜೋರಾಗಿ ಹರಿಯುತ್ತದೆ ಅಂತ ಹೇಳುವ ಅಂಕಿಗಳು. ಬಿಲ್ ಬರುವುದು ಒಟ್ಟು ಎಷ್ಟು ಹರಿಯಿತು ಅನ್ನುವುದಕ್ಕೆ. ಮೊದಲನೆಯದು ಕಿಲೋವ್ಯಾಟ್, ಎರಡನೆಯದು ಕಿಲೋವ್ಯಾಟ್-ಅವರ್. ಈ ಕಿಲೋವ್ಯಾಟ್-ಅವರ್‌ಗೇ ನಾವು ಬಾಯಿಮಾತಲ್ಲಿ ಯೂನಿಟ್ ಅನ್ನುತ್ತೇವೆ. ನೀರಿನ ಟ್ಯಾಂಕ್ ನೋಡಿದವರಿಗೆ ಇದು ಕಷ್ಟವಲ್ಲ. ವಾರಕ್ಕೆ ಎಷ್ಟು ಸಲ ನಳ ಬರುತ್ತದೆ, ಟ್ಯಾಂಕ್ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಅಂತ ಬಾಯಿಪಾಠ ಇರುವ ನಮ್ಮ ಕಡೆಯವರಿಗಂತೂ ಅಲ್ಲವೇ ಅಲ್ಲ.

ಏನೇನು ಬೇಕು

ಹಿಂದಿನ ತಿಂಗಳ ಒಂದು ಬಿಲ್, ಪೆನ್ನು, ಹಾಳೆ, ಸ್ಟಾಪ್‌ವಾಚ್ ಇರುವ ಮೊಬೈಲ್. ಮೀಟರ್ ಹತ್ತಿರ ಹತ್ತು ನಿಮಿಷ ನಿಲ್ಲಲು ಒಬ್ಬರು, ಒಳಗೆ ಸ್ವಿಚ್ ಹಾಕಲು ಇನ್ನೊಬ್ಬರು ಇದ್ದರೆ ಚೆನ್ನ. ಟೆಸ್ಟರ್, ಸ್ಕ್ರೂಡ್ರೈವರ್ ಯಾವುದೂ ಬೇಡ. ಮೀಟರ್‌ನ ಮುಚ್ಚಳ, ಸೀಲು ಮುಟ್ಟುವ ಕೆಲಸ ಇಲ್ಲಿ ಎಲ್ಲೂ ಇಲ್ಲ, ಮುಟ್ಟಲೂ ಬೇಡಿ.

ಹಂತ 1: ಟ್ಯಾಂಕ್ ಕಣ್ಣಮುಂದೆ ತಂದುಕೊಳ್ಳಿ

ಮಾಳಿಗೆ ಮೇಲೆ ಸಾವಿರ ಲೀಟರ್‌ನ ಒಂದು ಕಪ್ಪು ಸಿಂಟೆಕ್ಸ್ ಇದೆ ಅಂದುಕೊಳ್ಳಿ. ಅದರಿಂದ ಮನೆಯೊಳಗೆ ಹತ್ತಾರು ನಲ್ಲಿಗಳು. ಫ್ಯಾನ್ ಒಂದು ನಲ್ಲಿ, ಫ್ರಿಜ್ ಒಂದು ನಲ್ಲಿ, ಇಸ್ತ್ರಿ ಪೆಟ್ಟಿಗೆ ಒಂದು ನಲ್ಲಿ. ಸ್ವಿಚ್ ಹಾಕಿದರೆ ನಲ್ಲಿ ತಿರುಗಿಸಿದ ಹಾಗೆ.

ಈಗ ಎರಡೇ ಒಪ್ಪಂದ ಮಾಡಿಕೊಳ್ಳೋಣ.

1 ವ್ಯಾಟ್ ಅಂದರೆ ಗಂಟೆಗೆ 1 ಲೀಟರ್ ಹರಿಯುವ ನಲ್ಲಿ.

1 ಯೂನಿಟ್ ಅಂದರೆ ಸಾವಿರ ಲೀಟರ್, ಅಂದರೆ ಒಂದು ತುಂಬಿದ ಟ್ಯಾಂಕ್.

ಇಷ್ಟು ಒಪ್ಪಿಕೊಂಡರೆ ಮಿಕ್ಕ ಲೆಕ್ಕ ತಾನಾಗಿ ಬರುತ್ತದೆ. 1000 ವ್ಯಾಟ್‌ಗೆ 1 ಕಿಲೋವ್ಯಾಟ್. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್ ಇದ್ದರೆ ಅದು ಗಂಟೆಗೆ ಸಾವಿರ ಲೀಟರ್ ಹರಿಯುವ ದಪ್ಪ ನಲ್ಲಿ, ಒಂದು ಗಂಟೆಗೆ ಟ್ಯಾಂಕ್ ಖಾಲಿ. 180 ವ್ಯಾಟ್‌ನ ಕೂಲರ್ ಗಂಟೆಗೆ 180 ಲೀಟರ್, ಟ್ಯಾಂಕ್ ಖಾಲಿ ಮಾಡಲು ಅದಕ್ಕೆ ಸುಮಾರು ಐದೂವರೆ ಗಂಟೆ ಬೇಕು. 75 ವ್ಯಾಟ್‌ನ ಹಳೇ ಸೀಲಿಂಗ್ ಫ್ಯಾನ್‌ಗೆ ಹದಿಮೂರು ಗಂಟೆ ದಾಟುತ್ತದೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಸುಮ್ನೆ ಸೋರುವ ನಲ್ಲಿ ಇದ್ದ ಹಾಗೆ, ಬಿಡದೆ ಉರಿದರೂ ಒಂದು ಟ್ಯಾಂಕ್ ಮುಗಿಸಲು ನಾಲ್ಕೂವರೆ ದಿನ ಹಿಡಿಯುತ್ತದೆ.

ಅಂದರೆ ವ್ಯಾಟ್, ಕಿಲೋವ್ಯಾಟ್ ಇವು ನಲ್ಲಿಯ ದಪ್ಪ. ಯೂನಿಟ್ ಅಂದರೆ ಹರಿದುಹೋದ ನೀರು. ನಲ್ಲಿ ಎಷ್ಟೇ ದಪ್ಪ ಇರಲಿ, ತಿರುಗಿಸದಿದ್ದರೆ ನೀರು ಹೋಗುವುದಿಲ್ಲ. ಎಷ್ಟೇ ಸಣ್ಣದಿರಲಿ, ಮುಚ್ಚದೆ ಬಿಟ್ಟರೆ ಒಂದಲ್ಲ ಒಂದು ದಿನ ಟ್ಯಾಂಕ್ ತಳ ಕಾಣುತ್ತದೆ.

ಗದ್ದೆ ಇರುವವರಿಗೆ ಇನ್ನೂ ಹತ್ತಿರದ ಹೋಲಿಕೆ ಇದೆ. ತುಂಗಭದ್ರಾ ಡ್ಯಾಮಿನ ಸುದ್ದಿಯಲ್ಲಿ ದಿನಾ ಎರಡು ಅಂಕಿ ಬರುತ್ತವೆ. ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ ಅಂತ, ಟಿಎಂಸಿ ಅಂದರೆ ಒಟ್ಟು ಎಷ್ಟು ನೀರು ಅಂತ. ಸುಮಾರು 11,574 ಕ್ಯೂಸೆಕ್ ಒಂದು ಪೂರ್ತಿ ದಿನ ಹರಿದರೆ 1 ಟಿಎಂಸಿ ಆಗುತ್ತದೆ. ಕಾಲುವೆಗೆ ಇಷ್ಟು ಕ್ಯೂಸೆಕ್ ಬಿಟ್ಟರು ಅಂದಾಗ ನಮ್ಮ ರೈತರು ತಕ್ಷಣ ಕೇಳುವುದು ಎಷ್ಟು ದಿನ ಬಿಡ್ತಾರೆ ಅಂತಲೇ. ಕಿಲೋವ್ಯಾಟ್ ಕೇಳಿದಾಗಲೂ ಹಾಗೇ ಕೇಳಬೇಕು: ಎಷ್ಟು ಗಂಟೆ?

*ಎಡವುವ ಜಾಗ.* ತುಂಬಾ ಜನ "ಕಿಲೋವ್ಯಾಟ್ ಪರ್ ಅವರ್" ಅನ್ನುತ್ತಾರೆ. ಅದು ತಪ್ಪು. ಗಂಟೆಗೆ ಇಷ್ಟು ಅನ್ನುವ ಮಾತು ಕಿಲೋವ್ಯಾಟ್ ಒಳಗೇ ಸೇರಿಹೋಗಿದೆ. kWh ಅಂದರೆ ಕಿಲೋವ್ಯಾಟನ್ನು ಗಂಟೆಯಿಂದ ಗುಣಿಸಿದ್ದು, ಭಾಗಿಸಿದ್ದಲ್ಲ. ಹೇಗೆ ಅಂದರೂ ಏನಾಯ್ತು ಅಂತ ಅನಿಸಬಹುದು. ಆದರೆ "ಪರ್" ಅಂತ ಹೇಳುವ ಅಭ್ಯಾಸ ಇದ್ದವರು ಲೆಕ್ಕದಲ್ಲೂ ಭಾಗಿಸಿಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ಮಾತು. ಟ್ಯಾಂಕ್‌ನಲ್ಲಿ ನೀರು ನಿಂತಿರುತ್ತದೆ, ಕರೆಂಟ್ ಹಾಗೆ ಮೀಟರ್‌ನಲ್ಲಿ ಎಲ್ಲೂ ನಿಂತಿರುವುದಿಲ್ಲ. ಇಲ್ಲಿ ಟ್ಯಾಂಕ್ ಬರೀ ಅಳತೆಯ ಪಾತ್ರೆ. ಮೀಟರ್ ಮಾಡುವುದು ಇಷ್ಟೇ: ಎಷ್ಟು ಟ್ಯಾಂಕ್ ಹೋಯಿತು ಅಂತ ಎಣಿಸುತ್ತಾ ಕೂರುತ್ತದೆ.

ಹಂತ 2: ಬಿಲ್‌ನಲ್ಲಿ kW ಎಲ್ಲಿದೆ, kWh ಎಲ್ಲಿದೆ ಹುಡುಕಿ

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜೆಸ್ಕಾಂ ವ್ಯಾಪ್ತಿಗೇ ಬರುತ್ತವೆ. ಮೀಟರ್ ನೋಡಲು ಬಂದವರು ಕೈಯಲ್ಲಿನ ಯಂತ್ರದಿಂದ ಹರಿದು ಕೊಡುವ ಉದ್ದನೆಯ ಚೀಟಿಯೇ ನಿಮ್ಮ ಬಿಲ್. ಅದರಲ್ಲಿ ಮೂರು ಜಾಗ ಗುರುತು ಮಾಡಿಕೊಳ್ಳಿ.

ಮೊದಲು ಹಿಂದಿನ ರೀಡಿಂಗ್ ಮತ್ತು ಈಗಿನ ರೀಡಿಂಗ್. ಎರಡೂ kWh. ಮೀಟರ್ ಹಾಕಿದ ದಿನದಿಂದ ಇಲ್ಲಿಯವರೆಗೆ ಎಷ್ಟು ಟ್ಯಾಂಕ್ ಹೋಗಿದೆ ಅನ್ನುವ ಒಟ್ಟು ಎಣಿಕೆ ಅದು, ತಿಂಗಳಿಗೊಮ್ಮೆ ಸೊನ್ನೆಗೆ ಬರುವುದಿಲ್ಲ. ನಮ್ಮ ಓಣಿಯವರ ಚೀಟಿಯಲ್ಲಿ ಹಿಂದಿನದು 6482, ಈಗಿನದು 6703 ಇತ್ತು. ಕಳೆದರೆ 221. ಆ ತಿಂಗಳ ಬಳಕೆ 221 ಯೂನಿಟ್, ಅಂದರೆ 221 ಟ್ಯಾಂಕ್.

ಎರಡನೆಯದು ಮಂಜೂರಾದ ಲೋಡ್. ಇದು kW. ನಿಮ್ಮ ಮನೆಗೆ ಎಷ್ಟು ದಪ್ಪದ ಪೈಪ್ ಹಾಕಲು ಒಪ್ಪಿಗೆ ಕೊಟ್ಟಿದ್ದಾರೆ ಅನ್ನುವ ಅಂಕಿ. ಇವರ ಮನೆಯದು 3 kW. ಬಿಲ್‌ನಲ್ಲಿ ನಿಗದಿತ ಶುಲ್ಕ ಅಂತ ಬರುತ್ತದಲ್ಲ, ಅದು ಈ ಪೈಪಿನ ದಪ್ಪಕ್ಕೆ ಬೀಳುವ ಹಣ. ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಆ ಶುಲ್ಕದ ಲೆಕ್ಕ ನಿಲ್ಲುವುದಿಲ್ಲ. ಒಂದೂ ಯೂನಿಟ್ ಉರಿಸಿಲ್ಲ, ಆದರೂ ಬಿಲ್ ಯಾಕೆ ಅಂತ ಜಗಳಕ್ಕೆ ಹೋಗುವವರು ಈ ಸಾಲನ್ನು ನೋಡಿರುವುದಿಲ್ಲ.

ಮೂರನೆಯದು ಎಂಡಿ, ಅಥವಾ ದಾಖಲಾದ ಬೇಡಿಕೆ. ಇದೂ kW. ತಿಂಗಳಲ್ಲಿ ಒಮ್ಮೆಗೆ ಅತಿ ಹೆಚ್ಚು ನಲ್ಲಿ ತೆರೆದಿದ್ದಾಗ ಹರಿವು ಎಷ್ಟಿತ್ತು ಅಂತ ಹೇಳುತ್ತದೆ. ಒಂದು ಗಳಿಗೆಯ ಅಂಕಿಯಲ್ಲ, ಕೆಲವು ನಿಮಿಷಗಳ ಸರಾಸರಿ. ಒಂದು ಮನೆಯಲ್ಲಿ ಮೋಟರ್, ಇಸ್ತ್ರಿ, ಕೂಲರ್, ಎರಡು ಫ್ಯಾನ್ ಒಟ್ಟಿಗೆ ಓಡಿದವು ಅಂದುಕೊಳ್ಳಿ: 1000, 1000, 180, 150. ಕೂಡಿದರೆ 2330 ವ್ಯಾಟ್, ಅಂದರೆ 2.33 kW. ಮಂಜೂರಾದ 3 kW ಒಳಗೇ ಇದೆ, ತೊಂದರೆ ಇಲ್ಲ. ಇದೇ ಮನೆಗೆ ನಾಳೆ ಒಂದೂವರೆ ಟನ್ ಎಸಿ ಬಂದರೆ ಪೈಪ್ ಸಾಲದೆ ಹೋಗಬಹುದು. ಎಸಿ ತರುವ ಮುಂಚೆ ಈ ಎರಡು ಅಂಕಿ ನೋಡುವುದು ಒಳ್ಳೆಯದು.

*ಎಡವುವ ಜಾಗ.* ಈಗಿನ ಮೀಟರ್‌ಗಳ ಪರದೆ ತಾನಾಗಿ ಬದಲಾಗುತ್ತಾ ಇರುತ್ತದೆ. ತಾರೀಕು, ಸಮಯ, ವೋಲ್ಟೇಜ್, ಎಂಡಿ, ಯೂನಿಟ್ ಒಂದರ ಹಿಂದೆ ಒಂದು ಬರುತ್ತವೆ. ಅಂಕಿ ಬರೆದುಕೊಳ್ಳುವ ಮುಂಚೆ ಪಕ್ಕದಲ್ಲಿ kWh ಅಂತ ಇದೆಯೋ kW ಅಂತ ಇದೆಯೋ ನೋಡಿ. ಒಂದೇ ಒಂದು h ನೋಡದೆ 2.33 ಅಂತ ಬರೆದುಕೊಂಡು, ತಿಂಗಳಿಡೀ ಎರಡೇ ಯೂನಿಟ್ ಉರಿದಿದೆ ಅಂತ ಖುಷಿಪಟ್ಟವರೂ ಇದ್ದಾರೆ.

ಯೂನಿಟ್ ಪದದ ಬಗ್ಗೆ ರಾಯಚೂರಿನವರಿಗೆ ಇನ್ನೊಂದು ಗೊಂದಲ ಇದೆ. ಶಕ್ತಿನಗರದ ಆರ್‌ಟಿಪಿಎಸ್‌ನ ಇಷ್ಟನೇ ಯೂನಿಟ್ ಸ್ಥಗಿತ ಅಂತ ಪೇಪರ್‌ನಲ್ಲಿ ಬರುತ್ತದಲ್ಲ, ಅಲ್ಲಿ ಯೂನಿಟ್ ಅಂದರೆ ವಿದ್ಯುತ್ ತಯಾರಿಸುವ ಒಂದು ಯಂತ್ರದ ಜೋಡಿ. ಅಲ್ಲಿ ಅಂಥವು ಎಂಟಿವೆ, ಏಳು ತಲಾ 210 ಮೆಗಾವ್ಯಾಟ್, ಒಂದು 250 ಮೆಗಾವ್ಯಾಟ್. ಮೆಗಾವ್ಯಾಟ್ ಅಂದರೆ ಸಾವಿರ ಕಿಲೋವ್ಯಾಟ್, ಅದೂ ನಲ್ಲಿಯ ದಪ್ಪವೇ. 210 ಮೆಗಾವ್ಯಾಟ್‌ನ ಒಂದು ಯಂತ್ರ ಪೂರ್ತಿ ಬಲದಲ್ಲಿ ಒಂದು ಗಂಟೆ ಓಡಿದರೆ 2,10,000 ಯೂನಿಟ್ ತಯಾರಾಗುತ್ತದೆ. ಈ ಯೂನಿಟ್ ನಮ್ಮ ಬಿಲ್‌ನ ಯೂನಿಟ್.

ಹಂತ 3: ಮನೆಯ ನಲ್ಲಿಗಳನ್ನು ಪಟ್ಟಿ ಮಾಡಿ

ಪ್ರತಿ ಸಾಮಾನಿನ ಹಿಂದೆಯೋ ಕೆಳಗೋ ಒಂದು ಸಣ್ಣ ತಗಡು ಅಥವಾ ಸ್ಟಿಕರ್ ಇರುತ್ತದೆ. ಅದರಲ್ಲಿ W ಅಂತ ಇರುವ ಅಂಕಿ ಬರೆದುಕೊಳ್ಳಿ. ಪಕ್ಕದಲ್ಲಿ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಅಂತ ಬರೆಯಿರಿ. ಲೆಕ್ಕ ಇಷ್ಟೇ:

```
ಯೂನಿಟ್ = ವ್ಯಾಟ್ × ಗಂಟೆ ÷ 1000
```

ಪ್ರಶ್ನೆ ಕೇಳಿದವರ ಮನೆಯಲ್ಲಿ ಕೂತು ನಾವು ಬರೆದ ಪಟ್ಟಿ ಹೀಗಿತ್ತು. ಏಪ್ರಿಲ್‌ನ 30 ದಿನಕ್ಕೆ.

ಕೂಲರ್ 180 ವ್ಯಾಟ್, ಮಧ್ಯಾಹ್ನ ಮತ್ತು ರಾತ್ರಿ ಸೇರಿ ದಿನಕ್ಕೆ 14 ಗಂಟೆ. 180 × 14 = 2520 ಲೀಟರ್, ದಿನಕ್ಕೆ ಎರಡೂವರೆ ಟ್ಯಾಂಕ್. ತಿಂಗಳಿಗೆ 75.6 ಯೂನಿಟ್.

ಹಳೇ ಫ್ಯಾನ್ ಎರಡು, ತಲಾ 75 ವ್ಯಾಟ್, 16 ಗಂಟೆ. ತಿಂಗಳಿಗೆ 72 ಯೂನಿಟ್.

ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಅವರು ಬಿಡುವ ಮುಂಚೆ ದಿನಕ್ಕೆ 15 ನಿಮಿಷ. ಅಂದರೆ ಕಾಲು ಗಂಟೆ, ಕಾಲು ಟ್ಯಾಂಕ್. ತಿಂಗಳಿಗೆ 7.5 ಯೂನಿಟ್.

ಇಲ್ಲಿಗೆ ಅವರಿಗೆ ಉತ್ತರ ಸಿಕ್ಕಿತ್ತು. ದಪ್ಪ ನಲ್ಲಿ ದಿನಕ್ಕೆ ಕಾಲು ಗಂಟೆ ತೆರೆದು ಮುಚ್ಚುತ್ತಿತ್ತು. ಸಣ್ಣ ನಲ್ಲಿ ಹದಿನಾಲ್ಕು ಗಂಟೆ ಹರಿಯುತ್ತಿತ್ತು. ಇಸ್ತ್ರಿಯ ಹತ್ತರಷ್ಟು ನೀರು ಕೂಲರ್‌ನಿಂದ ಹೋಗುತ್ತಿತ್ತು. ಅವರು ಒಂದು ತಿಂಗಳು ಮುದುಡಿದ ಅಂಗಿ ಹಾಕಿಕೊಂಡು ಓಡಾಡಿ ಉಳಿಸಿದ್ದು ಏಳೂವರೆ ಯೂನಿಟ್. ಅದೇ ತಿಂಗಳು ಬಿಸಿಲು ಏರಿ ಕೂಲರ್ ಇನ್ನೆರಡು ಗಂಟೆ ಜಾಸ್ತಿ ಓಡಿದ್ದರೆ ಆ ಉಳಿತಾಯ ಅಲ್ಲಿಗೇ ಮುಗಿಯಿತು.

ಮಿಕ್ಕವು ಬೇಗ ಮುಗಿದವು. ಹಳೇ ಫ್ರಿಜ್ ದಿನಕ್ಕೆ ಹತ್ತಿರ ಹತ್ತಿರ 1 ಯೂನಿಟ್, ತಿಂಗಳಿಗೆ 30. ಐದು ಎಲ್‌ಇಡಿ ಬಲ್ಬು 6 ಗಂಟೆ ಉರಿದು 8. ಟಿವಿ 9. ಒಂದು ದಿನ ಬಿಟ್ಟು ಒಂದು ದಿನ ಸಂಪಿನಿಂದ ಮೇಲಕ್ಕೆ ನೀರು ಏರಿಸುವ ಮೋಟರ್ ಅರ್ಧ ಗಂಟೆಯಂತೆ 7.5. ಮಿಕ್ಸಿ ನಾಲ್ಕರ ಒಳಗೆ. ಇಸ್ತ್ರಿ ಬಿಟ್ಟು ಎಲ್ಲ ಕೂಡಿದರೆ ಸುಮಾರು 206 ಯೂನಿಟ್ ಆಯಿತು. ಮೀಟರ್ ಹೇಳಿದ್ದು 221. ಹದಿನೈದು ಯೂನಿಟ್ ಎಲ್ಲಿ ಹೋಯಿತು ಅನ್ನುವುದಕ್ಕೆ ಮುಂದಿನ ಹಂತದಲ್ಲಿ ಬರೋಣ.

*ಎಡವುವ ಜಾಗಗಳು.* ಇಲ್ಲಿ ಮೂರಿವೆ.

ನಿಮಿಷವನ್ನು ಗಂಟೆ ಮಾಡದೆ ಗುಣಿಸುವುದು. 15 ನಿಮಿಷ ಅಂದರೆ 0.25 ಗಂಟೆ, 0.15 ಅಲ್ಲ. 20 ನಿಮಿಷ 0.33. ನಿಮಿಷವನ್ನು 60ರಿಂದ ಭಾಗಿಸಿದರೆ ಆಯಿತು.

ಮೋಟರ್ ಮೇಲೆ ವ್ಯಾಟ್ ಬದಲು ಎಚ್‌ಪಿ ಇರುತ್ತದೆ. 1 ಎಚ್‌ಪಿಗೆ 746 ವ್ಯಾಟ್ ಅನ್ನುವುದು ಸರಿ, ಆದರೆ ಅದು ಮೋಟರ್ ಹೊರಗೆ ಕೊಡುವ ಬಲ. ಒಳಗೆ ಬಿಸಿಯಾಗಿ ಹೋಗುವುದೂ ಸೇರಿ ಅದು ಎಳೆದುಕೊಳ್ಳುವುದು ಜಾಸ್ತಿ. ಮನೆಯ 1 ಎಚ್‌ಪಿ ಮೋಟರ್‌ಗೆ 1000 ವ್ಯಾಟ್ ಅಂತ ಹಿಡಿದರೆ ವಾಸ್ತವಕ್ಕೆ ಹತ್ತಿರ ಇರುತ್ತದೆ.

ಮೂರನೆಯದು ತಾನಾಗಿ ಆರಿ ಹತ್ತುವ ಸಾಮಾನುಗಳು. ಫ್ರಿಜ್, ಎಸಿ, ಗೀಸರ್, ಇಸ್ತ್ರಿ ಇವು ಬೇಕಾದಷ್ಟು ತಂಪಾದ ಮೇಲೆ ಅಥವಾ ಕಾದ ಮೇಲೆ ತಾವೇ ನಲ್ಲಿ ಮುಚ್ಚುತ್ತವೆ. ಫ್ರಿಜ್ 24 ಗಂಟೆ ಚಾಲೂ ಇದೆ ಅಂತ ಅದರ ವ್ಯಾಟನ್ನು 24ರಿಂದ ಗುಣಿಸಿದರೆ ಬರುವ ಅಂಕಿ ನೋಡಿ ಗಾಬರಿಯಾಗುತ್ತೀರಿ, ಅದು ನಿಜವಲ್ಲ. ಇಸ್ತ್ರಿಗೆ ನಾವು ಹಾಕಿದ 7.5 ಕೂಡ ಮೇಲ್ಮಿತಿ, ನಿಜವಾಗಿ ಇನ್ನೂ ಕಡಿಮೆಯೇ. ಫ್ರಿಜ್‌ಗೆ ಮುಂದಿನ ಬಾಗಿಲ ಮೇಲಿನ ಸ್ಟಾರ್ ಲೇಬಲ್ ನೋಡಿ, ಅಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ಅದನ್ನು 12ರಿಂದ ಭಾಗಿಸಿ. ನಮ್ಮ ಬಿಸಿಲಿಗೆ, ಹಳೇ ಪೆಟ್ಟಿಗೆಗೆ, ಅದಕ್ಕಿಂತ ಮೇಲೇ ಹೋಗುತ್ತದೆ ಅಂತ ಇಟ್ಟುಕೊಳ್ಳಿ.

ಹಂತ 4: ಮೀಟರ್‌ನ ಮಿಣುಕು ದೀಪದಿಂದ ಪರೀಕ್ಷೆ ಮಾಡಿ

ತಗಡಿನ ಮೇಲಿನ ವ್ಯಾಟ್ ಕಂಪನಿಯವರು ಹೇಳಿದ್ದು. ನಿಮ್ಮ ಮನೆಯಲ್ಲಿ ನಿಜವಾಗಿ ಎಷ್ಟು ಹರಿಯುತ್ತದೆ ಅಂತ ಮೀಟರನ್ನೇ ಕೇಳಬಹುದು. ನನಗೆ ಈ ಹಂತವೇ ಎಲ್ಲಕ್ಕಿಂತ ಇಷ್ಟ.

ಮೀಟರ್ ಮುಂಭಾಗದಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಾ ಇರುತ್ತದೆ. ಅಲ್ಲೇ ಎಲ್ಲಾದರೂ `3200 imp/kWh` ಅಂತ ಬರೆದಿರುತ್ತದೆ. ಕೆಲವು ಮೀಟರ್‌ಗಳಲ್ಲಿ 1600, 6400 ಹೀಗೆ ಬೇರೆ ಅಂಕಿಯೂ ಇರಬಹುದು. ಅರ್ಥ ಇಷ್ಟೇ: ದೀಪ 3200 ಸಲ ಮಿಣುಕಿದರೆ 1 ಯೂನಿಟ್. ನಮ್ಮ ಟ್ಯಾಂಕ್ ಲೆಕ್ಕದಲ್ಲಿ, ಸಾವಿರ ಲೀಟರನ್ನು 3200 ಲೋಟದಲ್ಲಿ ಮೊಗೆದು ಸುರಿದ ಹಾಗೆ. ಒಂದು ಮಿಣುಕಿಗೆ ಮುನ್ನೂರು ಚಿಲ್ಲರೆ ಮಿಲಿಲೀಟರ್, ಒಂದು ದೊಡ್ಡ ಲೋಟ ನೀರು.

ದೀಪ ಬೇಗ ಬೇಗ ಮಿಣುಕಿದರೆ ಕಿಲೋವ್ಯಾಟ್ ಜಾಸ್ತಿ. ಮಿಣುಕುಗಳ ಒಟ್ಟು ಲೆಕ್ಕ ಕಿಲೋವ್ಯಾಟ್-ಅವರ್. ಈ ಲೇಖನದ ಎರಡೂ ಪದ ಆ ಒಂದು ದೀಪದಲ್ಲೇ ಇವೆ.

ಮಾಡುವ ಕ್ರಮ ಹೀಗೆ. ಮನೆಯಲ್ಲಿ ಎಲ್ಲ ಸ್ವಿಚ್ ಆರಿಸಿ. ಫ್ರಿಜ್ ಮತ್ತು ಇನ್ವರ್ಟರ್ ಮರೆಯಬೇಡಿ, ಎರಡೂ ಸದ್ದಿಲ್ಲದೆ ಎಳೆಯುತ್ತಿರುತ್ತವೆ. ಈಗ ಹೊರಗೆ ಬಂದು ದೀಪ ನೋಡಿ. ಅದು ಸುಮ್ನಿರಬೇಕು. ಎಲ್ಲ ಆರಿಸಿದ ಮೇಲೂ ಮಿಣುಕುತ್ತಾ ಇದ್ದರೆ ಏನೋ ಒಂದು ಇನ್ನೂ ಚಾಲೂ ಇದೆ ಅಂತ ಅರ್ಥ. ಹುಡುಕಿದರೂ ಸಿಗದಿದ್ದರೆ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು, ಅದನ್ನು ಎಲೆಕ್ಟ್ರಿಷಿಯನ್ ನೋಡಬೇಕು.

ದೀಪ ನಿಂತ ಮೇಲೆ ಕೂಲರ್ ಒಂದನ್ನೇ ಹಾಕಿ, ಎರಡು ನಿಮಿಷ ಓಡಲು ಬಿಡಿ. ಆಮೇಲೆ ಒಂದು ಮಿಣುಕು ಕಂಡ ತಕ್ಷಣ ಸ್ಟಾಪ್‌ವಾಚ್ ಒತ್ತಿ. ಆ ಮಿಣುಕಿಗೆ "ಸೊನ್ನೆ" ಅನ್ನಿ. ಮುಂದಿನದು ಒಂದು, ಎರಡು, ಹೀಗೆ ಹತ್ತನೆಯದಕ್ಕೆ ನಿಲ್ಲಿಸಿ. 3200 ಮೀಟರ್ ಆಗಿದ್ದರೆ:

```
ವ್ಯಾಟ್ = 11250 ÷ ಸೆಕೆಂಡ್
```

ಬೇರೆ ಅಂಕಿಯ ಮೀಟರ್ ಆಗಿದ್ದರೆ 11250 ಬದಲು, 3,60,00,000 ಅನ್ನು ನಿಮ್ಮ ಮೀಟರ್‌ನ ಅಂಕಿಯಿಂದ ಭಾಗಿಸಿ ಬಂದದ್ದನ್ನು ಹಾಕಿ. 1600ಕ್ಕೆ 22500, 6400ಕ್ಕೆ 5625.

ಆ ಮನೆಯ ಕೂಲರ್‌ಗೆ 180 ವ್ಯಾಟ್ ಇದ್ದರೆ ಹತ್ತು ಮಿಣುಕಿಗೆ 62 ಸೆಕೆಂಡ್ ದಾಟಬೇಕಿತ್ತು. ಅವರ ಮಗಳು ಮೀಟರ್ ಮುಂದೆ ಕುಕ್ಕುರುಗಾಲಲ್ಲಿ ಕೂತು ಎಣಿಸಿದಳು. ಬಂದದ್ದು 54. ನಾನು ನಂಬದೆ ಇನ್ನೊಂದು ಸಲ ಎಣಿಸಲು ಹೇಳಿದೆ, ಮತ್ತೆ 54. 11250 ÷ 54, ಸುಮಾರು 208 ವ್ಯಾಟ್. ತಗಡು ಹೇಳಿದ್ದಕ್ಕಿಂತ 28 ಜಾಸ್ತಿ. ಹಿಂದಿನ ಜಾಲರಿ ತೆಗೆದು ನೋಡಿದರೆ ಬೋರ್ ನೀರಿನ ಉಪ್ಪು ಪಂಪಿನ ಮೇಲೆ ಸುಣ್ಣದ ಹಾಗೆ ಕಟ್ಟಿತ್ತು, ಫ್ಯಾನ್ ಕೈಯಿಂದ ತಿರುಗಿಸಿದರೆ ಬಿಗಿಯಾಗಿತ್ತು. (ಕೂಲರ್ ಮುಟ್ಟುವ ಮುಂಚೆ ಪ್ಲಗ್ ಕಿತ್ತಿದ್ದೆವು. ಸ್ವಿಚ್ ಆರಿಸಿದರೆ ಸಾಲದು, ನೀರು ಇರುವ ತಗಡಿನ ಡಬ್ಬಿ ಅದು.)

28 ವ್ಯಾಟ್ ಅಂದರೆ ಏನು ಮಹಾ ಅನಿಸುತ್ತದೆ. 28 × 14 ಗಂಟೆ × 30 ದಿನ, ಹತ್ತಿರ ಹತ್ತಿರ 12 ಯೂನಿಟ್. ಆ ಹದಿನೈದರಲ್ಲಿ ಹನ್ನೆರಡು ಇಲ್ಲೇ ಸಿಕ್ಕಿತು. ಉಳಿದ ಮೂರು ಮೊಬೈಲ್ ಚಾರ್ಜರ್, ಇನ್ವರ್ಟರ್ ಬ್ಯಾಟರಿ ಇಂಥವುಗಳದು ಅಂತ ಬಿಟ್ಟೆವು. ಅಷ್ಟಕ್ಕೂ ಗಂಟೆಗಳ ಲೆಕ್ಕ ಅಂದಾಜಿನದು, ಮೂರು ಯೂನಿಟ್‌ಗೆ ತಲೆ ಕೆಡಿಸಿಕೊಳ್ಳಬಾರದು.

*ಎಡವುವ ಜಾಗ.* ಮೊದಲ ಮಿಣುಕಿಗೇ "ಒಂದು" ಅಂದುಬಿಡುವುದು. ಆಗ ನೀವು ಅಳೆದದ್ದು ಹತ್ತು ಅಂತರ ಅಲ್ಲ, ಒಂಬತ್ತು. ವ್ಯಾಟ್ ಒಂಬತ್ತನೇ ಒಂದು ಭಾಗ ಜಾಸ್ತಿ ತೋರಿಸುತ್ತದೆ, ಚೆನ್ನಾಗಿರುವ ಕೂಲರ್ ಮೇಲೆ ಅನುಮಾನ ಬರುತ್ತದೆ. ಇನ್ನೊಂದು, ಇಸ್ತ್ರಿ ಅಥವಾ ಹೀಟರ್ ಹಾಕಿ ಎಣಿಸುವಾಗ ದೀಪ ಸೆಕೆಂಡಿಗೆ ಒಂದರಂತೆ ಓಡುತ್ತದೆ, ಹತ್ತು ಮಿಣುಕು ಬೇಗ ಮುಗಿದುಹೋಗಿ, ಸ್ಟಾಪ್‌ವಾಚ್ ಒತ್ತುವುದು ಸ್ವಲ್ಪ ಹೆಚ್ಚುಕಮ್ಮಿಯಾದರೂ ಲೆಕ್ಕ ತಪ್ಪುತ್ತದೆ. ಅಂಥವಕ್ಕೆ ನೂರು ಮಿಣುಕು ಎಣಿಸಿ, ಸೂತ್ರದಲ್ಲಿ 11250 ಬದಲು 1,12,500 ಹಾಕಿ.

ಹಂತ 5: 200ರ ಗೆರೆ ಎಲ್ಲಿದೆ ನೋಡಿ

ಗೃಹಜ್ಯೋತಿ 2023ರ ಜುಲೈ ಬಳಕೆಯಿಂದ ಜಾರಿಯಾಯಿತು. ಅದರಲ್ಲಿ ಹೇಳುವ 200 ಯೂನಿಟ್ ಕೂಡ kWh, ಅಂದರೆ 200 ಟ್ಯಾಂಕ್. ಆದರೆ ಎಲ್ಲರಿಗೂ 200 ಪೂರ್ತಿ ಉಚಿತ ಅಲ್ಲ. ನಿಮ್ಮ ಮನೆಯ ಹಳೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಅರ್ಹ ಯೂನಿಟ್ ಅಂತ ಒಂದು ಮಿತಿ ಇಟ್ಟಿರುತ್ತಾರೆ. ಆ ಮಿತಿ ದಾಟಿ 200ರ ಒಳಗಿದ್ದರೆ ದಾಟಿದಷ್ಟಕ್ಕೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಈ ಮನೆಯವರಿಗೆ ಆದದ್ದು ಅದೇ. 221 ಯೂನಿಟ್. ಅವರು ಅಂದುಕೊಂಡಿದ್ದು ಮೇಲಿನ 21ಕ್ಕೆ ಮಾತ್ರ ಕಟ್ಟಬೇಕು ಅಂತ. ಲೆಕ್ಕಕ್ಕೆ ಸುಲಭವಾಗಲಿ ಅಂತ ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿಯಿರಿ, ನಿಮ್ಮ ಚೀಟಿಯಲ್ಲಿರುವ ದರ ಹಾಕಿಕೊಂಡರೆ ಇನ್ನೂ ಒಳ್ಳೆಯದು. 21 ಯೂನಿಟ್‌ಗೆ 126 ರೂಪಾಯಿ ಆಗುತ್ತಿತ್ತು. 221ಕ್ಕೆ 1326. ಅದರ ಮೇಲೆ ಪೈಪಿನ ದಪ್ಪದ ಶುಲ್ಕ, ತೆರಿಗೆ ಬೇರೆ. ಹೀಗಾಗಿ 200ರ ಆಸುಪಾಸಿನಲ್ಲಿ ಒಂದೊಂದು ಯೂನಿಟ್‌ಗೂ ಬೇರೆಯೇ ಬೆಲೆ.

ಹಾಗಾದರೆ ಎಲ್ಲಿ ಕಡಿಮೆ ಮಾಡಬೇಕು? ಪಟ್ಟಿಯಲ್ಲಿ ವ್ಯಾಟ್ ಜಾಸ್ತಿ ಇರುವ ಸಾಲನ್ನು ನೋಡಬೇಡಿ, ಯೂನಿಟ್ ಜಾಸ್ತಿ ಇರುವ ಸಾಲನ್ನು ನೋಡಿ. ಇವರ ಎರಡು ಹಳೇ ಫ್ಯಾನ್ ತೆಗೆದು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ಎರಡರಿಂದ ಸೇರಿ 90 ವ್ಯಾಟ್ ಇಳಿಯುತ್ತದೆ. ಹದಿನಾರು ಗಂಟೆ, ಮೂವತ್ತು ದಿನ: 43 ಯೂನಿಟ್. ಬಿಎಲ್‌ಡಿಸಿ ಅಂದರೆ ಹೊಸ ಬಗೆಯ ಮೋಟರ್ ಇರುವ, ರಿಮೋಟ್‌ನಿಂದ ನಡೆಯುವ ಫ್ಯಾನ್. ಅಷ್ಟು ಖರ್ಚು ಈಗ ಬೇಡ ಅಂದರೆ ಕೂಲರ್ ಸ್ವಚ್ಛ ಮಾಡಿ ಹಳೇ 180ಕ್ಕೆ ತಂದರೆ 12 ಯೂನಿಟ್, ಬೆಳಗಿನ ಜಾವ ತಂಪಾದ ಮೇಲೆ ಎರಡು ಗಂಟೆ ಮುಂಚೆ ಆರಿಸಿದರೆ ಇನ್ನು 11. ಎರಡೂ ಸೇರಿ 23, ಬಳಕೆ 198ಕ್ಕೆ ಬರುತ್ತದೆ. ಗೆರೆಯ ಒಳಗೆ, ಆದರೆ ಕೂದಲೆಳೆ ಅಂತರದಲ್ಲಿ. ನಾನಾಗಿದ್ದರೆ ಫ್ಯಾನ್ ಬದಲಿಸುತ್ತಿದ್ದೆ. ಇಸ್ತ್ರಿ ಮಾತ್ರ ಧಾರಾಳವಾಗಿ ಮಾಡಿಕೊಳ್ಳಿ ಅಂದೆ.

ಹಂತ 6: ತಿಂಗಳ ಮಧ್ಯೆ ಒಮ್ಮೆ ಇಣುಕಿ

ಬಿಲ್ ಬಂದ ಮೇಲೆ ನೋಡಿದರೆ ಮಾಡಲು ಏನೂ ಉಳಿದಿರುವುದಿಲ್ಲ. ಮೀಟರ್ ಓದಿಕೊಂಡು ಹೋದ ದಿನದ ರೀಡಿಂಗ್ ಚೀಟಿಯಲ್ಲೇ ಇದೆ. ಹತ್ತು ದಿನ ಬಿಟ್ಟು ಅದೇ ಹೊತ್ತಿಗೆ ಪರದೆಯಲ್ಲಿ kWh ಬರುವವರೆಗೆ ಕಾದು ಬರೆದುಕೊಳ್ಳಿ. ಕಳೆದು, ಹತ್ತರಿಂದ ಭಾಗಿಸಿ. ಬಂದದ್ದು ದಿನದ ಬಳಕೆ. ಇವರು ಮೇ ತಿಂಗಳಲ್ಲಿ ನೋಡಿದಾಗ 6703 ಇದ್ದದ್ದು 6767 ಆಗಿತ್ತು. 64 ಯೂನಿಟ್, ದಿನಕ್ಕೆ 6.4. ಮೂವತ್ತು ದಿನಕ್ಕೆ 192.

*ಎಡವುವ ಜಾಗ.* ತಿಂಗಳು ಅಂದರೆ ಇಲ್ಲಿ ಕ್ಯಾಲೆಂಡರ್ ತಿಂಗಳಲ್ಲ, ಎರಡು ರೀಡಿಂಗ್‌ಗಳ ನಡುವಿನ ದಿನಗಳು. ಒಂದು ಸಲ 28 ದಿನಕ್ಕೆ ಬರಬಹುದು, ಇನ್ನೊಂದು ಸಲ 33 ದಿನಕ್ಕೆ. ದಿನಕ್ಕೆ 6.4 ಯೂನಿಟ್ ಉರಿಸುವ ಮನೆಗೆ 33 ದಿನದಲ್ಲಿ 211 ಆಗುತ್ತದೆ. ಬಳಕೆ ಅಷ್ಟೇ ಇದ್ದರೂ ಅಂಕಿ ಏರಿರುತ್ತದೆ. ಹೋದ ತಿಂಗಳಿಗಿಂತ ಜಾಸ್ತಿ ಬಂತು ಅಂತ ದೂರು ಹೇಳಲು ಹೊರಡುವ ಮುಂಚೆ ಎರಡೂ ಚೀಟಿಯ ತಾರೀಕು ಎಣಿಸಿ, ಯೂನಿಟನ್ನು ದಿನಗಳಿಂದ ಭಾಗಿಸಿ ಹೋಲಿಸಿ. ದಿನದ ಅಂಕಿ ಹತ್ತಿರ ಹತ್ತಿರ ಇದ್ದರೆ ಮೀಟರ್ ಸರಿಯಾಗಿದೆ. ದಿನದ ಅಂಕಿಯೇ ಒಮ್ಮೆಲೆ ಎರಡು ಪಟ್ಟು ಆಗಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ, ಎಲ್ಲ ಆರಿಸಿ ದೀಪ ನೋಡಿ. ಆ ಎಣಿಕೆ ಬರೆದ ಹಾಳೆ, ಎರಡು ಚೀಟಿ, ಪರದೆಯ ಒಂದು ಫೋಟೋ ಜೊತೆಗಿಟ್ಟುಕೊಂಡು ಸೆಕ್ಷನ್ ಆಫೀಸಿಗೆ ಹೋಗಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. ಅರ್ಜಿಯಲ್ಲಿ ಆರ್‌ಆರ್ ನಂಬರ್ ಬರೆಯುವುದು ಮರೆಯಬೇಡಿ, ಅದು ಚೀಟಿಯ ಮೇಲ್ಭಾಗದಲ್ಲೇ ಇರುತ್ತದೆ.